ಕೆಲಸದ ಮೂರು ಮೆಸೇಜ್ ಬಂದಿವೆ: ಯಾವುದಕ್ಕೆ ಉತ್ತರ ಕೊಡಲಿ, ಯಾವುದನ್ನು ಅಳಿಸಲಿ?

ಬೆಣ್ಣೆದೋಸೆ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಮಾರತಹಳ್ಳಿಯಲ್ಲಿ. ಜಾವಾ ಬ್ಯಾಕೆಂಡ್ ಕೆಲಸ, ಆರು ವರ್ಷದ ಅನುಭವ. ಹೋದ ಭಾನುವಾರ ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ಅಪ್‌ಡೇಟ್ ಮಾಡಿದೆ. ಸೋಮವಾರ ಬೆಳಗ್ಗೆಯಿಂದ ಫೋನಿಗೆ ಬಿಡುವೇ ಇಲ್ಲ. ಜಾಸ್ತಿ ಯೋಚನೆ ಮಾಡದೆ ಬಹಳಷ್ಟನ್ನು ಅಳಿಸಿದೆ. ಮೂರು ಮಾತ್ರ ಉಳಿದಿವೆ.

ಒಂದನೆಯದು ನಾನು ಹೆಸರೇ ಕೇಳಿರದ ಕನ್ಸಲ್ಟೆನ್ಸಿಯ ಮೇಲ್. "ಡಿಯರ್ ಕ್ಯಾಂಡಿಡೇಟ್" ಅಂತ ಶುರು. ಇಂಗ್ಲಿಷ್ ತಪ್ಪು ತಪ್ಪು. ಅಲ್ಲಲ್ಲಿ ಹಳದಿ ಬಣ್ಣ ಬಳಿದಿದ್ದಾರೆ, ಒಂದೊಂದು ಸಾಲಿಗೆ ಒಂದೊಂದು ಸೈಜಿನ ಅಕ್ಷರ. ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾ ಬೇಕಂತೆ. 5ರಿಂದ 8 ವರ್ಷ ಅನುಭವ, ಬೆಂಗಳೂರು, ವಾರಕ್ಕೆ ಮೂರು ದಿನ ಆಫೀಸು, 30 ದಿನದೊಳಗೆ ಸೇರಬೇಕು. ಕ್ಲೈಂಟ್ ಹೆಸರಿಲ್ಲ. ಕೆಳಗೆ ತುಂಬಲು ಒಂದು ಟೇಬಲ್: ಹುಟ್ಟಿದ ದಿನ, ಈಗಿನ ಸಿಟಿಸಿ, ಬೇಕಾದ ಸಿಟಿಸಿ, ನೋಟಿಸ್ ಪೀರಿಯಡ್, ಪ್ಯಾನ್ ನಂಬರ್.

ಎರಡನೆಯದು ಎಲ್ಲರಿಗೂ ಗೊತ್ತಿರುವ ದೊಡ್ಡ ಕಂಪನಿಯ ಹೆಸರಲ್ಲಿ ಬಂದಿದೆ. ಲೋಗೋ ಇದೆ, ಇಂಗ್ಲಿಷ್ ಚೊಕ್ಕವಾಗಿದೆ. ನನ್ನ ಹೆಸರು, ಈಗಿನ ಕಂಪನಿ, ಹುದ್ದೆ ಎಲ್ಲ ಸರಿಯಾಗಿ ಬರೆದಿದ್ದಾರೆ. "ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ. ಒಂದೇ ಸುತ್ತಿನ ಇಂಟರ್‌ವ್ಯೂ. ನಾಳೆ ಸಂಜೆಯೊಳಗೆ ಫಾರ್ಮ್ ತುಂಬಿ" ಅಂತ ಇದೆ.

ಮೂರನೆಯದು ವಾಟ್ಸಾಪ್‌ನಲ್ಲಿ. ಮನೆಯಲ್ಲೇ ಕೂತು ಹೋಟೆಲ್‌ಗಳಿಗೆ ರೇಟಿಂಗ್ ಕೊಟ್ಟರೆ ದಿನಕ್ಕೆ 3000 ರೂಪಾಯಿ.

ನನ್ನ ಲೆಕ್ಕದಲ್ಲಿ ಎರಡನೆಯದು ನಿಜ, ಒಂದು ಮತ್ತು ಮೂರು ಮೋಸ. ಸರಿ ಅಲ್ವಾ?

---

ಶಿರಸಿ_ಸುಬ್ಬ

ಮೂರನೆಯದನ್ನು ಬ್ಲಾಕ್ ಮಾಡಿ, ಅದರ ಚರ್ಚೆಯೇ ಬೇಡ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, "ಪ್ರೀಪೇಯ್ಡ್ ಟಾಸ್ಕ್" ಅಂತ ನಿಮ್ಮಿಂದಲೇ ಹಣ ಹಾಕಿಸುತ್ತಾರೆ. ನಮ್ಮ ಆಫೀಸಿನಲ್ಲೇ ಒಬ್ಬರು 40,000 ಕಳಕೊಂಡರು.

ಒಂದನೆಯದೂ ಕಸ. ಕನ್ಸಲ್ಟೆನ್ಸಿ ಅಂದರೇನೇ ಮೋಸ. ಪ್ಯಾನ್ ಕೇಳಿದರು ಅಂದಮೇಲೆ ಮುಗಿಯಿತು.

---

ಹೆಡರ್_ಓದುವವ

ಎರಡನೆಯದರ ಬಗ್ಗೆ ನನಗೆ ಅನುಮಾನ ಇದೆ. ಜಿಮೇಲ್‌ನಲ್ಲಿ ಆ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, `Show original` ಆರಿಸಿ. ಮೇಲಿನ ಕೆಲವು ಸಾಲು ಇಲ್ಲಿ ಹಾಕಿ. ನಿಮ್ಮ ವಿಳಾಸ ಅಳಿಸಿ ಹಾಕಿ.

---

ಬೆಣ್ಣೆದೋಸೆ

ಹಾಕಿದ್ದೇನೆ ಸರ್. ಕಂಪನಿಯ ಹೆಸರು ಬೇಡ ಅಂತ `kampani` ಎಂದು ಬದಲಾಯಿಸಿದ್ದೇನೆ. ನಿಜವಾದ ವೆಬ್‌ಸೈಟ್ `kampani.example` ಅಂದುಕೊಳ್ಳಿ.

```
From: Talent Team <offers@kampani-careers.example>
Reply-To: kampani.talent@mailbox.example
Authentication-Results: mx.google.com;
  spf=pass smtp.mailfrom=kampani-careers.example;
  dkim=pass header.i=@kampani-careers.example;
  dmarc=pass header.from=kampani-careers.example
```

---

ಕೋಡುಬಳೆ_ಕಿರಣ

ಮೂರೂ ಪಾಸ್ ಆಗಿದೆಯಲ್ಲ! ಹಾಗಾದರೆ ಮೇಲ್ ಅಸಲಿ. ನಾನು ಯಾವಾಗಲೂ ಇದನ್ನೇ ನೋಡುವುದು. ನಕಲಿ ಆಗಿದ್ದರೆ ಅಲ್ಲಿ `fail` ಅಂತ ಬರುತ್ತದೆ.

---

ಹೆಡರ್_ಓದುವವ

ಕಿರಣ್, ಅರ್ಧ ಸರಿ. ಆದರೆ ಆ ಇನ್ನರ್ಧದಲ್ಲೇ ಜನ ಬೀಳುವುದು.

ಆ ಮೂರು `pass` ಹೇಳುವುದು ಒಂದೇ ಮಾತು: ಈ ಮೇಲ್ `kampani-careers.example` ಅನ್ನುವ ಡೊಮೇನ್‌ನಿಂದಲೇ ಬಂದಿದೆ, ನಡುವೆ ಬೇರೆ ಯಾರೋ ಆ ಹೆಸರು ಹಾಕಿಕೊಂಡು ಕಳಿಸಿದ್ದಲ್ಲ. ಆ ಡೊಮೇನ್ ಯಾರದು ಅಂತ ಅದು ಹೇಳುವುದಿಲ್ಲ. ನಾನೇ ಇವತ್ತು ಕೆಲವು ನೂರು ರೂಪಾಯಿ ಕೊಟ್ಟು ಅಂಥದ್ದೊಂದು ಡೊಮೇನ್ ತಗೊಂಡು, ಸೆಟ್ಟಿಂಗ್ ಸರಿ ಮಾಡಿಕೊಂಡರೆ, ನನಗೂ ಮೂರೂ ಪಾಸ್. ಕಳ್ಳನ ಹತ್ತಿರವೂ ಅವನದೇ ಮನೆಯ ಅಸಲಿ ಬೀಗದ ಕೈ ಇರುತ್ತದೆ ಅಲ್ವಾ, ಹಾಗೆ.

ಅದಕ್ಕೇ ಡೊಮೇನನ್ನು ಬಲಗಡೆಯಿಂದ ಎಡಕ್ಕೆ ಓದಬೇಕು. `careers.kampani.example` ಅಂತಿದ್ದರೆ ಅದು `kampani.example` ಇಟ್ಟುಕೊಂಡವರ ಕೈಯಲ್ಲಿರುವುದು. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಬಂದು `kampani-careers.example` ಆದರೆ ಅದು ಪೂರ್ತಿ ಬೇರೆ ಡೊಮೇನ್, ಯಾರು ಬೇಕಾದರೂ ಕೊಳ್ಳಬಹುದು. ಕೆಲವು ಅಸಲಿ ಕಂಪನಿಗಳೂ ನೇಮಕಾತಿಗೆ ಇಂಥ ಹೆಸರು ಇಟ್ಟುಕೊಂಡಿವೆ, ಹಾಗಾಗಿ ಇದೊಂದರಿಂದಲೇ ಮೋಸ ಅಂತ ಹೇಳಲಾಗದು. ಈಗ ಇದನ್ನು ಕೊಟ್ಟು ನೋಡಿ:

```
whois kampani-careers.example
```

ಟರ್ಮಿನಲ್ ಬೇಡ ಅಂದರೆ ಬ್ರೌಸರ್‌ನಲ್ಲಿ ಹುಡುಕುವ ಸೈಟ್‌ಗಳಿವೆ. `Creation Date` ಅನ್ನುವ ಸಾಲು ನೋಡಿ. ಅದರ ಜೊತೆಗೆ, ಕಂಪನಿಯ ಮುಖ್ಯ ವೆಬ್‌ಸೈಟಿಗೆ ನೀವೇ ಹೋಗಿ ಕರಿಯರ್ಸ್ ಪುಟ ತೆರೆಯಿರಿ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ಆ ಪುಟ ನಿಮ್ಮನ್ನು ಯಾವ ಡೊಮೇನಿಗೆ ಕರೆದೊಯ್ಯುತ್ತದೆ ನೋಡಿ.

---

ಬೆಣ್ಣೆದೋಸೆ

ಡೊಮೇನ್ ಹುಟ್ಟಿ 23 ದಿನ! ಕಂಪನಿಯ ಕರಿಯರ್ಸ್ ಪುಟ ಅವರ ಸ್ವಂತ ಡೊಮೇನಿನಲ್ಲೇ ಇದೆ. ಈ ಹೆಸರಿನ ಹುದ್ದೆ ಅಲ್ಲಿ ಇಲ್ಲ.

ಆದರೆ ಒಂದು ಅರ್ಥ ಆಗಲಿಲ್ಲ. ನನ್ನ ಕಂಪನಿ, ಹುದ್ದೆ ಎಲ್ಲ ಅವರಿಗೆ ಹೇಗೆ ಗೊತ್ತಾಯಿತು?

---

ಹೆಡರ್_ಓದುವವ

ಅದನ್ನು ನೀವೇ ಪ್ರೊಫೈಲ್‌ನಲ್ಲಿ ಬರೆದು ಜಗತ್ತಿಗೆ ತೋರಿಸಿದ್ದೀರಲ್ಲ. ಹೆಸರು ಮತ್ತು ಕಂಪನಿ ಸರಿಯಾಗಿದೆ ಅನ್ನುವುದು ಗುರುತಲ್ಲ. ಮೇಲ್ ಕಳಿಸುವ ಸಾಫ್ಟ್‌ವೇರ್ ಆ ಜಾಗಗಳನ್ನು ತಾನೇ ತುಂಬುತ್ತದೆ.

`Reply-To` ಕೂಡ ನೋಡಿ. ನೀವು ಉತ್ತರ ಕೊಟ್ಟರೆ ಅದು ಹೋಗುವುದು ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಮೇಲ್ ಪೆಟ್ಟಿಗೆಗೆ. ಜಾಬ್ ಪೋರ್ಟಲ್ ಮೂಲಕ ಬರುವ ಮೇಲ್‌ಗಳಲ್ಲಿ `From` ಪೋರ್ಟಲ್‌ದು, `Reply-To` ರಿಕ್ರೂಟರ್‌ದು ಇರುವುದು ಮಾಮೂಲು. ಕಂಪನಿಯೇ ನೇರವಾಗಿ ಬರೆಯುತ್ತಿದೆ ಅಂತ ಹೇಳಿಕೊಂಡು ಹೀಗೆ ಮಾಡುವುದು ಮಾಮೂಲಲ್ಲ.

ಆ ಫಾರ್ಮ್‌ನಲ್ಲಿ ಏನೇನು ಕೇಳಿದ್ದಾರೆ? ತೆರೆದಾಗಿದ್ದರೆ ಮಾತ್ರ ಹೇಳಿ, ಈಗ ತೆರೆಯಬೇಡಿ.

---

ಬೆಣ್ಣೆದೋಸೆ

ನಿನ್ನೆಯೇ ತೆರೆದಿದ್ದೆ, ಏನೂ ತುಂಬಿಲ್ಲ. ಆಧಾರ್‌ನ ಎರಡೂ ಬದಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಲ್ಯಾಪ್‌ಟಾಪ್ ಡೆಪಾಸಿಟ್ 12,500, ಮೊದಲ ಸಂಬಳದಲ್ಲಿ ವಾಪಸ್" ಅಂತ ಇತ್ತು.

---

ಮಾಜಿ_ರಿಕ್ರೂಟರ್

ಅಷ್ಟು ಸಾಕು. ಇಂಟರ್‌ವ್ಯೂಗಿಂತ ಮುಂಚೆ ಪಾಸ್‌ಬುಕ್ ಕೇಳುವ ಎಚ್‌ಆರ್‌ನ ನಾನು ಒಂಬತ್ತು ವರ್ಷದಲ್ಲಿ ನೋಡಿಲ್ಲ. ಡೆಪಾಸಿಟ್ ಅಂತೂ ಯಾವ ಹಂತದಲ್ಲೂ ಇಲ್ಲ.

ಈಗ ನಿಮ್ಮ ಒಂದನೆಯ ಮೇಲ್‌ಗೆ ಬರೋಣ. ಸುಬ್ಬ ಅವರು ಕಸ ಅಂದರು. ನಾನು ಕ್ಲೈಂಟ್ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಬೆಂಗಳೂರಿನ ಒಂದು ವೆಂಡರ್ ಕಂಪನಿಯಲ್ಲಿ ಅಂಥ ಕಸವನ್ನೇ ದಿನಾ ಕಳಿಸುತ್ತಿದ್ದವಳು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಳಗ್ಗೆ ಹತ್ತಕ್ಕೆ ಕ್ಲೈಂಟ್‌ನಿಂದ ರಿಕ್ವೈರ್‌ಮೆಂಟ್ ಬರುತ್ತದೆ. ಅದೇ ಹೊತ್ತಿಗೆ ಇನ್ನೂ ನಾಲ್ಕೈದು ವೆಂಡರ್‌ಗಳಿಗೂ ಹೋಗಿರುತ್ತದೆ. ಯಾರು ಮೊದಲು ಪ್ರೊಫೈಲ್ ಹಾಕುತ್ತಾರೋ ಅವರದ್ದೇ ಲೆಕ್ಕಕ್ಕೆ. ಸಂಜೆಯೊಳಗೆ ಇಷ್ಟು ಪ್ರೊಫೈಲ್ ಹಾಕಬೇಕು ಅಂತ ಮ್ಯಾನೇಜರ್ ತಲೆ ಮೇಲೆ ಕೂತಿರುತ್ತಾರೆ. ಆಗ ನಾವು ಪೋರ್ಟಲ್‌ನಲ್ಲಿ ಹೀಗೆ ಹುಡುಕುತ್ತೇವೆ:

```
java AND ("spring boot" OR springboot) AND kafka
```

ಜೊತೆಗೆ ಊರು, ಅನುಭವ, ಮತ್ತು ಇತ್ತೀಚೆಗೆ ಲಾಗಿನ್ ಆದವರು ಅನ್ನುವ ಫಿಲ್ಟರ್. ನೀವು ಭಾನುವಾರ ಅಪ್‌ಡೇಟ್ ಮಾಡಿದಿರಿ, ಸೋಮವಾರ ಪಟ್ಟಿಯ ಮೇಲಕ್ಕೆ ಬಂದಿರಿ. ಅಷ್ಟೇ ಕಥೆ. ಇನ್ನೂರು ಮುನ್ನೂರು ಜನಕ್ಕೆ ಒಂದೇ ಮೇಲ್ ಒಟ್ಟಿಗೆ ಹೋಗುತ್ತದೆ. ಹಳೆಯ ಮೇಲ್‌ನಿಂದ ಕಾಪಿ ಮಾಡಿದ್ದಕ್ಕೆ ಅಕ್ಷರದ ಸೈಜ್ ಬೇರೆ ಬೇರೆ. ಹಳದಿ ಬಣ್ಣ ಬಳಿದದ್ದು ನಾನೇ ಇರಬಹುದು, ಯಾರಿಗೆ ಗೊತ್ತು!

ಹಾಗಾಗಿ ಒರಟು ಇಂಗ್ಲಿಷ್ ನೋಡಿ ಮೋಸ ಅಂದುಕೊಳ್ಳಬೇಡಿ, ನೀಟಾಗಿದೆ ಅಂತ ನಂಬಲೂ ಬೇಡಿ. ಮೇಲ್‌ನಲ್ಲಿ ಕೆಲಸದ ಬಗ್ಗೆ ಏನು ಬರೆದಿದೆ ಅನ್ನುವುದನ್ನು ನೋಡಿ. ನಿಮ್ಮ ಒಂದನೆಯ ಮೇಲ್ ವಾರಕ್ಕೆ ಎಷ್ಟು ದಿನ ಆಫೀಸು ಅಂತಲೂ ಹೇಳುತ್ತದೆ. 30 ದಿನ ಅಂತ ಷರತ್ತು ಹಾಕಿ ಜನರನ್ನು ಬೇಡ ಅನ್ನುತ್ತಿದೆ. ಎರಡನೆಯದು ಯಾರನ್ನೂ ಬೇಡ ಅನ್ನುವುದಿಲ್ಲ, ಯಾಕೆಂದರೆ ಅದಕ್ಕೆ ಎಲ್ಲರೂ ಬೇಕು.

---

ಶಿರಸಿ_ಸುಬ್ಬ

ಮೇಡಂ, ಪ್ಯಾನ್ ಯಾಕೆ ಹಾಗಾದರೆ? ಅದಕ್ಕೆ ಉತ್ತರ ಇಲ್ಲ ನಿಮ್ಮ ಹತ್ತಿರ.

---

ಮಾಜಿ_ರಿಕ್ರೂಟರ್

ಇದೆ ಸರ್. ಕೆಲವು ದೊಡ್ಡ ಕ್ಲೈಂಟ್‌ಗಳ ವೆಂಡರ್ ಪೋರ್ಟಲ್‌ನಲ್ಲಿ ಪ್ರೊಫೈಲ್ ಹಾಕಬೇಕಾದರೆ ಪ್ಯಾನ್ ಅಥವಾ ಹುಟ್ಟಿದ ದಿನ ಕಡ್ಡಾಯ. ಒಬ್ಬರನ್ನೇ ಎರಡು ವೆಂಡರ್ ಹಾಕಿದ್ದಾರಾ ಅಂತ ಆ ಪೋರ್ಟಲ್ ಅದರಿಂದಲೇ ಪತ್ತೆ ಮಾಡುತ್ತದೆ. ಫೋನ್, ಮೇಲ್ ವಿಳಾಸ ಬದಲಾಗುತ್ತದೆ, ಪ್ಯಾನ್ ಬದಲಾಗುವುದಿಲ್ಲ.

ಆದರೆ ನಿಮ್ಮ ಸಿಟ್ಟಿನಲ್ಲೂ ಅರ್ಥ ಇದೆ. ಮೊದಲ ಮೇಲ್‌ನಲ್ಲೇ ಕೇಳುವುದು ಸೋಮಾರಿತನ. ಪ್ರೊಫೈಲ್ ಹಾಕುವ ಹೊತ್ತಿಗೆ ಕೇಳಿದರೆ ಸಾಕು. ನಾನಾಗಿದ್ದರೆ ಕ್ಲೈಂಟ್ ಹೆಸರು ಗೊತ್ತಾಗುವವರೆಗೆ ಆ ಜಾಗ ಖಾಲಿ ಬಿಡುತ್ತಿದ್ದೆ. ಆಮೇಲೂ ಕೊನೆಯ ನಾಲ್ಕು ಅಕ್ಷರ ಸಾಕಾ ಅಂತ ಕೇಳುತ್ತಿದ್ದೆ. ಎಷ್ಟೋ ಕಡೆ ಸಾಕಾಗುತ್ತದೆ. ಕಾರ್ಡಿನ ಫೋಟೋ ಮಾತ್ರ ಆಫರ್ ಕೈಗೆ ಬರುವವರೆಗೆ ಯಾರಿಗೂ ಬೇಡ.

---

ಹೆಡರ್_ಓದುವವ

ಇದರಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕನ್ಸಲ್ಟೆನ್ಸಿ ಅಸಲಿಯೇ ಇರಬಹುದು. ಆದರೆ ಆ ಟೇಬಲ್ ಎಕ್ಸೆಲ್ ಶೀಟಿಗೆ ಹೋಗುತ್ತದೆ, ಆ ಶೀಟ್ ಹತ್ತು ಜನರ ಹತ್ತಿರ ಇರುತ್ತದೆ. ಅದರಲ್ಲಿ ಒಬ್ಬರು ಕೆಲಸ ಬಿಡುವಾಗ ತಗೊಂಡು ಹೋಗುತ್ತಾರೆ. ಪ್ಯಾನ್, ಹುಟ್ಟಿದ ದಿನ, ಫೋನ್ ಮೂರೂ ಒಂದೇ ಸಾಲಿನಲ್ಲಿ ಸಿಕ್ಕರೆ ಸಾಲದ ಆ್ಯಪ್‌ಗಳಲ್ಲಿ ನಿಮ್ಮ ಹೆಸರು ಹಾಕಿ ನೋಡುವವರಿದ್ದಾರೆ. ಈಗಾಗಲೇ ಹತ್ತಾರು ಕಡೆ ಕೊಟ್ಟವರು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

---

ಮಾಜಿ_ರಿಕ್ರೂಟರ್

ಶೀಟ್ ವಿಷಯ ನಿಜ. ವಾದ ಮಾಡುವುದಿಲ್ಲ.

---

ಗೌರಿಬಿದನೂರು_ಗಿರಿ

ನನಗೂ ಇದೇ ಸಮಸ್ಯೆ. ರಿಕ್ರೂಟರ್‌ಗಳು ನನಗೆ ಮೆಸೇಜೇ ಮಾಡುವುದಿಲ್ಲ. ಪ್ರೊಫೈಲ್ ಹೇಗೆ ಬರೆದರೆ ಜಾಸ್ತಿ ಬರುತ್ತದೆ ಹೇಳಿ.

---

ಶಿರಸಿ_ಸುಬ್ಬ

ಗಿರಿ, ಇಲ್ಲಿ ಜಾಸ್ತಿ ಬಂದದ್ದಕ್ಕೇ ಅಳುತ್ತಿದ್ದಾರೆ ಮಾರಾಯ.

---

ಕೋಡುಬಳೆ_ಕಿರಣ

ನನಗೆ ಮೋಸದ್ದಕ್ಕಿಂತ ಸಂಬಂಧವೇ ಇಲ್ಲದ್ದರ ಕಾಟ ಜಾಸ್ತಿ. ನಾನು ಪೈಥಾನ್ ಡೆವಲಪರ್. ದಿನಾ ಸೆಲೆನಿಯಂ ಟೆಸ್ಟಿಂಗ್ ಕೆಲಸ ಬರುತ್ತದೆ. "ನಿಮ್ಮ ರೆಸ್ಯೂಮೆ ನೋಡಿ ತುಂಬಾ ಇಷ್ಟವಾಯಿತು" ಅಂತ ಬೇರೆ!

---

ಮಾಜಿ_ರಿಕ್ರೂಟರ್

ಕಿರಣ್, ನಿಮ್ಮ ರೆಸ್ಯೂಮೆಯಲ್ಲಿ ಎಲ್ಲೋ ಸೆಲೆನಿಯಂ ಅನ್ನುವ ಪದ ಕೂತಿದೆ. ನೋಡಿ.

---

ಕೋಡುಬಳೆ_ಕಿರಣ

ಇದೆ ಮೇಡಂ. 2019ರ ಪ್ರಾಜೆಕ್ಟ್‌ನಲ್ಲಿ "ಸೆಲೆನಿಯಂ ಟೆಸ್ಟಿಂಗ್ ತಂಡದ ಜೊತೆ ಕೆಲಸ ಮಾಡಿದೆ" ಅಂತ ಒಂದು ಸಾಲು.

---

ಮಾಜಿ_ರಿಕ್ರೂಟರ್

ಅದೇ. ಹುಡುಕುವ ಯಂತ್ರಕ್ಕೆ "ಜೊತೆ" ಅನ್ನುವುದು ಅರ್ಥ ಆಗುವುದಿಲ್ಲ. ಆ ಸಾಲು ತೆಗೆಯಿರಿ. ಬರುವುದು ಪೂರ್ತಿ ನಿಲ್ಲದಿದ್ದರೂ ಕಡಿಮೆ ಆಗುತ್ತದೆ. ಹಳೆಯ ಪಟ್ಟಿಗಳಲ್ಲಿ ನಿಮ್ಮ ಹಳೆಯ ರೆಸ್ಯೂಮೆ ಇನ್ನೂ ಕೂತಿರುತ್ತದೆ.

ಸಂಬಂಧ ಇದೆಯೋ ಇಲ್ಲವೋ ನೋಡಲು ನನ್ನದೊಂದು ಸುಲಭದ ದಾರಿ. ಮೆಸೇಜ್‌ನಿಂದ ನಿಮ್ಮ ಹೆಸರು, ಕಂಪನಿ, ಹೊಗಳಿಕೆ ಮೂರನ್ನೂ ತೆಗೆದುಬಿಡಿ. ಉಳಿದದ್ದರಲ್ಲಿ ನೀವು "ಆಗಲ್ಲ" ಅನ್ನಬಹುದಾದ ಏನಾದರೂ ಇದೆಯಾ ನೋಡಿ. ಊರು, ವರ್ಷ, ಮುಖ್ಯ ಕೌಶಲ, ಸೇರಬೇಕಾದ ದಿನ. ಇದ್ದರೆ ಒಂದು ನಿಮಿಷ ಕೊಡಿ. ಏನೂ ಇಲ್ಲದಿದ್ದರೆ ಬರೆದವರಿಗೇ ಆ ಕೆಲಸ ಏನು ಅಂತ ಗೊತ್ತಿಲ್ಲ.

ಬೆಣ್ಣೆದೋಸೆ ಅವರೇ, ನಿಮ್ಮ ನೋಟಿಸ್ ಎಷ್ಟು?

---

ಬೆಣ್ಣೆದೋಸೆ

90 ದಿನ ಮೇಡಂ. ಬಾಕಿ ದಿನಕ್ಕೆ ಹಣ ಕಟ್ಟಿ ಬಿಡಲು ಅವಕಾಶ ಇದೆ, ಮ್ಯಾನೇಜರ್ ಒಪ್ಪಿದರೆ.

---

ಮಾಜಿ_ರಿಕ್ರೂಟರ್

ಹಾಗಾದರೆ ಮೇಲ್ ಅಸಲಿಯಾದರೂ ನಿಮಗೆ ಅಲ್ಲದೇ ಇರಬಹುದು. ಅದನ್ನೇ ಮೊದಲು ಕೇಳಿ, ಟೇಬಲ್ ತುಂಬಲು ಕೂರಬೇಡಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನನ್ನ ನೋಟಿಸ್ 90 ದಿನ, ಆಗುತ್ತದಾ? ಕ್ಲೈಂಟ್ ಯಾರು? ಕ್ಲೈಂಟ್ ಪೇರೋಲಾ, ನಿಮ್ಮ ಪೇರೋಲಾ? ಈ ಹುದ್ದೆಗೆ ಅತಿ ಹೆಚ್ಚು ಎಷ್ಟು ಕೊಡಬಹುದು? ಕ್ಲೈಂಟ್ ಹೆಸರು ತಿಳಿದು ನಾನು ಮೇಲ್‌ನಲ್ಲಿ ಒಪ್ಪುವವರೆಗೆ ನನ್ನ ರೆಸ್ಯೂಮೆ ಎಲ್ಲೂ ಹಾಕಬೇಡಿ."

ಕೊನೆಯ ಸಾಲನ್ನು ಬಿಡಬೇಡಿ. ಒಮ್ಮೆ ಒಂದು ವೆಂಡರ್ ನಿಮ್ಮ ಹೆಸರು ಹಾಕಿದರೆ ಆ ಕ್ಲೈಂಟ್‌ನಲ್ಲಿ ನೀವು ಅವರ ಕ್ಯಾಂಡಿಡೇಟ್. ಆರು ತಿಂಗಳು, ಕೆಲವು ಕಡೆ ಮೂರು. ಆ ಅವಧಿಯಲ್ಲಿ ಬೇರೆಯವರು ಹಾಕಿದರೆ ಡೂಪ್ಲಿಕೇಟ್ ಅಂತ ಬಿದ್ದುಹೋಗುತ್ತದೆ.

ಕ್ಲೈಂಟ್ ಹೆಸರು ಮೊದಲೇ ಯಾಕೆ ಹೇಳುವುದಿಲ್ಲ ಅಂದರೆ, ನೀವು ನೇರವಾಗಿ ಅರ್ಜಿ ಹಾಕಿಬಿಟ್ಟರೆ ಅವರ ಕಮಿಷನ್ ಹೋಯಿತು. ಫೋನ್‌ನಲ್ಲಾದರೂ ಹೇಳುತ್ತಾರೆ. ಎರಡು ಸಲ ಕೇಳಿದ ಮೇಲೂ ಹೇಳದವರು ಸುಮ್ನೆ ರೆಸ್ಯೂಮೆ ಗುಡ್ಡೆ ಹಾಕುತ್ತಿದ್ದಾರೆ ಅಂತ ತಿಳಿದುಕೊಳ್ಳಿ.

---

ರಾಯಚೂರು_ಮೇಷ್ಟ್ರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ತಂಗಿಯ ಮಗ ಡಿಪ್ಲೊಮಾ ಮಾಡಿದ್ದಾನೆ. ಅವನಿಗೆ ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಮೆಸೇಜ್ ಬಂದಿದೆ. ತಿಂಗಳಿಗೆ 80,000, ಟಿಕೆಟ್ ಅವರದೇ. ವೀಸಾ ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಡುತ್ತಾರಂತೆ. ಹಣ ಏನೂ ಕೇಳಿಲ್ಲ. ಹಣ ಕೇಳದಿದ್ದರೆ ಭಯ ಇಲ್ಲ ಅಲ್ವಾ?

---

ಕುಂದಾಪ್ರ_ಕಡಲು

ಮೇಷ್ಟ್ರೇ, ದಯವಿಟ್ಟು ಕಳಿಸಬೇಡಿ. ಹಣ ಕೇಳದಿರುವುದೇ ಇಲ್ಲಿ ಅಪಾಯ. ನಾನು ಹದಿನಾಲ್ಕು ವರ್ಷ ಗಲ್ಫ್‌ನಲ್ಲಿದ್ದವನು, ಇಂಥ ಏಜೆಂಟರನ್ನು ಬಹಳ ನೋಡಿದ್ದೇನೆ.

ಥಾಯ್ಲೆಂಡ್ ಅಂತ ಕರೆಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಒಯ್ದು, ಪಾಸ್‌ಪೋರ್ಟ್ ಕಸಿದು, ಸೈಬರ್ ಮೋಸದ ಕೆಲಸಕ್ಕೆ ಕೂರಿಸಿದ್ದಾರೆ. ವಿದೇಶಾಂಗ ಸಚಿವಾಲಯ 2022ರಲ್ಲೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಕಾಂಬೋಡಿಯಾ, ಲಾವೋಸ್‌ನಲ್ಲೂ ಇದೇ ಕಥೆ. ಅಲ್ಲಿ ಅವರಿಗೆ ಬೇಕಾದದ್ದು ಹುಡುಗನ ಹಣ ಅಲ್ಲ, ಕಂಪ್ಯೂಟರ್ ಬರುವ ಹುಡುಗನೇ ಬೇಕು.

ಪ್ರವಾಸಿ ವೀಸಾ ಮೇಲೆ ಹೋಗಿ ಕೆಲಸ ಮಾಡುವಂತಿಲ್ಲ. ವೀಸಾ ಆಮೇಲೆ ಬದಲಾಯಿಸುತ್ತೇವೆ ಅನ್ನುವ ಮಾತಿಗೇ ಬಾಗಿಲು ಹಾಕಿ. ಇಲ್ಲಿಂದ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ 1983ರ ವಲಸೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ನಂಬರ್ ಕೇಳಿ, `emigrate.gov.in` ನಲ್ಲಿ ಆ ನಂಬರ್ ಹಾಕಿ ನೋಡಿ. ನಂಬರ್ ಇದ್ದರೂ ಅದು ಈಗ ಚಾಲ್ತಿಯಲ್ಲಿದೆಯಾ, ಹೆಸರು ಮತ್ತು ವಿಳಾಸ ಹೊಂದುತ್ತದೆಯಾ ನೋಡಬೇಕು. ಬೇರೆಯವರ ನಂಬರ್ ಹೇಳುವವರೂ ಇದ್ದಾರೆ. ಲೈಸೆನ್ಸ್ ಇದ್ದವರು ತಮ್ಮ ಸೇವೆಗೆ 30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ಅದಕ್ಕೆ ರಸೀದಿಯನ್ನೂ ಕೊಡಬೇಕು.

---

ರಾಯಚೂರು_ಮೇಷ್ಟ್ರು

ಲೈಸೆನ್ಸ್ ನಂಬರ್ ಕೇಳಿದ್ದಕ್ಕೆ "ನಾವು ನೇರ ಕಂಪನಿಯವರು, ಏಜೆಂಟ್ ಅಲ್ಲ" ಅಂದರು. ಕಂಪನಿಯ ವಿಳಾಸ ಕೇಳಿದ್ದಕ್ಕೆ ಹುಡುಗನ ನಂಬರನ್ನೇ ಬ್ಲಾಕ್ ಮಾಡಿದ್ದಾರೆ. ಅವನಿಗೆ ನನ್ನ ಮೇಲೆ ಸಿಟ್ಟು. ಇರಲಿ.

---

ಬೆಣ್ಣೆದೋಸೆ

ಅಪ್‌ಡೇಟ್. ಮೇಡಂ ಹೇಳಿದ ಹಾಗೆಯೇ ಒಂದನೆಯದಕ್ಕೆ ಬರೆದೆ. ನಲವತ್ತು ನಿಮಿಷಕ್ಕೆ ಫೋನ್ ಬಂತು. ಹುಡುಗಿ ಕನ್ನಡದವರೇ, ತುಮಕೂರು ಕಡೆಯವರು. ಕ್ಲೈಂಟ್ ಹೆಸರು ಹೇಳಿದರು. ಅವರ ಕರಿಯರ್ಸ್ ಪುಟದಲ್ಲಿ ಅದೇ ಹುದ್ದೆ, ಹೆಚ್ಚೂಕಡಿಮೆ ಅದೇ ವಿವರ ಸಿಕ್ಕಿತು. 90 ದಿನ ಆಗುವುದಿಲ್ಲ, 60ಕ್ಕೆ ಇಳಿಸಿದರೆ ಕೇಳಿ ನೋಡುತ್ತೇನೆ ಅಂದರು. ಪೇರೋಲ್ ಮಾತ್ರ ಅವರದೇ, ಒಂದು ವರ್ಷದ ಕಾಂಟ್ರಾಕ್ಟ್. ಅದನ್ನು ಮೇಲ್‌ನಲ್ಲಿ ಬರೆದೇ ಇರಲಿಲ್ಲ!

ಆದರೂ ಒಪ್ಪಿಕೊಂಡು ಮೇಲ್ ಕಳಿಸಿದೆ. ಪ್ಯಾನ್‌ನ ಕೊನೆಯ ನಾಲ್ಕು ಅಕ್ಷರ ಮಾತ್ರ ಕೊಟ್ಟೆ, ಸಾಕಾಯಿತು.

ಇವತ್ತು ಬೆಳಗ್ಗೆ ಮತ್ತೆ ಫೋನ್. "ಸರ್, ನಿಮ್ಮದು ಡೂಪ್ಲಿಕೇಟ್ ಬಂದಿದೆ. ಎರಡು ತಿಂಗಳ ಹಿಂದೆಯೇ ಬೇರೆ ವೆಂಡರ್ ಹಾಕಿದ್ದಾರೆ." ನಾನು ಆ ಕ್ಲೈಂಟ್‌ಗೆ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ನೆನಪು ಮಾಡಿಕೊಂಡರೆ, ಆಗ ಒಬ್ಬರು "ಅಪ್‌ಡೇಟ್ ಆದ ಸಿವಿ ಕಳಿಸಿ" ಅಂತ ಒಂದೇ ಸಾಲು ವಾಟ್ಸಾಪ್ ಮಾಡಿದ್ದರು. ಏನೂ ಕೇಳದೆ ಕಳಿಸಿದ್ದೆ.

---

ಮಾಜಿ_ರಿಕ್ರೂಟರ್

ಅಯ್ಯೋ. ಆ ಒಂದು ಸಾಲಿನ ಮೆಸೇಜೇ ನಿಮ್ಮ ಲೆಕ್ಕಕ್ಕೆ ಬರದ ನಾಲ್ಕನೆಯ ಮೆಸೇಜ್. ಮೊದಲ ವೆಂಡರ್‌ಗೆ ಮೇಲ್‌ನಲ್ಲಿ ಬರೆದು, ನನ್ನ ಒಪ್ಪಿಗೆ ಇಲ್ಲದೆ ಹಾಕಿದ್ದೀರಿ, ವಾಪಸ್ ತೆಗೆಯಿರಿ ಅಂತ ಕೇಳಿ. ಈಗಿನ ರಿಕ್ರೂಟರ್‌ಗೂ ಅದರ ಪ್ರತಿ ಕೊಡಿ. ಕೆಲವು ಕ್ಲೈಂಟ್‌ಗಳು ಕ್ಯಾಂಡಿಡೇಟ್ ಮೇಲ್‌ನಲ್ಲಿ ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟ ವೆಂಡರ್‌ನನ್ನೇ ಮಾನ್ಯ ಮಾಡುತ್ತಾರೆ. ಕೆಲವರು ಪೋರ್ಟಲ್‌ನಲ್ಲಿ ಮೊದಲು ಬಂದ ಹೆಸರೇ ಅಂತ ಕೂರುತ್ತಾರೆ.

---

ಶಿರಸಿ_ಸುಬ್ಬ

ಇದಕ್ಕೇ ನಾನು ಹೇಳಿದ್ದು, ಕನ್ಸಲ್ಟೆನ್ಸಿ ಅಂದರೇನೇ ಮೋಸ ಅಂತ. ಕಂಪನಿಯಲ್ಲಿ ಪರಿಚಯದವರಿದ್ದರೆ ರೆಫರಲ್ ಹಾಕಿಸಿ.

---

ಮಾಜಿ_ರಿಕ್ರೂಟರ್

ಸುಬ್ಬ ಸರ್, ಮೊದಲ ವೆಂಡರ್ ಹೆಸರಲ್ಲಿ ಲಾಕ್ ಆಗಿರುವಷ್ಟು ದಿನ ರೆಫರಲ್ ಕೂಡ ಬಹಳ ಕಡೆ ಡೂಪ್ಲಿಕೇಟ್ ಅಂತಲೇ ಬರುತ್ತದೆ. ಹಾಕಿಸಿ ನೋಡಬಹುದು, ನಷ್ಟ ಏನಿಲ್ಲ.

---

ಬೆಣ್ಣೆದೋಸೆ

ಮೊದಲ ವೆಂಡರ್‌ನ ಆ ವಾಟ್ಸಾಪ್ ನಂಬರಿಗೆ ಮಾಡಿದೆ. ಆತ ಆ ಕಂಪನಿ ಬಿಟ್ಟು ತಿಂಗಳಾಯಿತಂತೆ. ಕಂಪನಿಯ ಹೆಸರು ಹೇಳಲು ಮಾತ್ರ ಒಪ್ಪಿದ. ಅವರ ಸಾಮಾನ್ಯ ಮೇಲ್ ವಿಳಾಸಕ್ಕೆ ಬರೆದಿದ್ದೇನೆ. ಇನ್ನೂ ಉತ್ತರ ಇಲ್ಲ.